ಆಣೆಕಲ್ಲಿಗೆ ಒಡೆದ ಸೋಲಾರ್ ಪ್ಯಾನೆಲ್ಲು: ಬಿಚ್ಚುವುದರಿಂದ ಒಪ್ಪಿಸುವವರೆಗೆ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನನ್ನ ಸೋದರಮಾವನ ದ್ರಾಕ್ಷಿ ತೋಟವಿದೆ. ಅಲ್ಲಿನ ಕೊಳವೆಬಾವಿಗೆ 3 ಎಚ್‌ಪಿ ಪಂಪು, ಅದಕ್ಕೆ 250 ವ್ಯಾಟಿನ ಹನ್ನೆರಡು ಸೋಲಾರ್ ಪ್ಯಾನೆಲ್ಲುಗಳು. ಹಾಕಿ ಹತ್ತು ವರ್ಷ ದಾಟಿತ್ತು. ಮುಂಗಾರಿಗೆ ಮೊದಲಿನ ಒಂದು ಸಂಜೆ ಬಿದ್ದ ಆಣೆಕಲ್ಲು ಮಳೆಯಲ್ಲಿ ಐದು ಪ್ಯಾನೆಲ್ಲುಗಳ ಗಾಜು ಜೇಡರ ಬಲೆಯಂತೆ ಬಿರುಕು ಬಿಟ್ಟಿತು, ಪಂಪು ನಿಂತಿತು. ಮರುದಿನವೇ ಗುಜರಿಯವನು ಬಾಗಿಲಿಗೆ ಬಂದ. ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಒಂದು ಮಹಾಪ್ರಾಣ ಬಿಟ್ಟರೆ ಅದು ಬಂಗಾರವಾಗುತ್ತದೆ, ಅವನ ಲೆಕ್ಕಾಚಾರವೂ ಹಾಗೆಯೇ ಇತ್ತು. "ಫ್ರೇಮು, ವಾಯರು ಅಷ್ಟ ತಗೋತೀನ್ರಿ ಗೌಡ್ರ, ಗ್ಲಾಸ್ ನೀವ ಇಟ್ಗೋರಿ" ಎಂದ.

ಮಾಮಾ ನನಗೆ ಫೋನು ಮಾಡಿದ್ದು ಆಗ. ಆ ಹನ್ನೆರಡು ಪ್ಯಾನೆಲ್ಲುಗಳನ್ನು ಏನು ಮಾಡಿದೆವು, ಏಕೆ ಹಾಗೆ ಮಾಡಿದೆವು ಎಂಬುದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಗುಜರಿಯವನಿಗೆ ಒಪ್ಪದಿರಲು ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ಯಾನೆಲ್ಲಿನ ಹೊರಗಿನ ಅಲ್ಯೂಮಿನಿಯಂ ಮತ್ತು ತಂತಿ ಸುಲಭವಾಗಿ ಕೈಗೆ ಸಿಗುವ ಬೆಲೆ, ಅದನ್ನು ಒಬ್ಬ ಕಿತ್ತುಕೊಂಡು ಹೋದ ಮೇಲೆ ಉಳಿಯುವ ಗಾಜು, ಪ್ಲಾಸ್ಟಿಕ್ಕು ಮತ್ತು ಸೆಲ್ಲುಗಳ ಅಂಟಿಕೊಂಡ ಹಾಳೆಯನ್ನು ಸಾಗಣೆ ಖರ್ಚು ಹಾಕಿ ಒಯ್ಯಲು ಯಾರೂ ಮುಂದೆ ಬರುವುದಿಲ್ಲ, ಅದು ಹೊಲದ ಬದುವಿನಲ್ಲಿಯೇ ಬೀಳುತ್ತದೆ.

ಮೊದಲು ವಿದ್ಯುತ್ತನ್ನು ತಡೆಯುವುದು

ಒಡೆದ ಪ್ಯಾನೆಲ್ಲು ಸತ್ತ ಪ್ಯಾನೆಲ್ಲಲ್ಲ. ಗಾಜು ಚೂರಾಗಿದ್ದರೂ ಸೆಲ್ಲುಗಳು ಬಿಸಿಲು ಬಿದ್ದಷ್ಟು ಹೊತ್ತೂ ವಿದ್ಯುತ್ತು ಕೊಡುತ್ತಲೇ ಇರುತ್ತವೆ, ಅದನ್ನು ನಿಲ್ಲಿಸುವ ಸ್ವಿಚ್ಚು ಪ್ಯಾನೆಲ್ಲಿನೊಳಗೆ ಇಲ್ಲ. ಮಾಮಾನ ತೋಟದಲ್ಲಿ ಹನ್ನೆರಡೂ ಪ್ಯಾನೆಲ್ಲುಗಳು ಸರಣಿಯಲ್ಲಿದ್ದವು. ಯಾವುದಕ್ಕೂ ಜೋಡಿಸದಿದ್ದಾಗ ಒಂದರಲ್ಲಿರುವ ವೋಲ್ಟೇಜು, ಅಂದರೆ ತೆರೆದ ವೋಲ್ಟೇಜು, 37.5 ಎಂದು ಹಿಂಬದಿಯ ಲೇಬಲ್ಲಿನಲ್ಲಿ ಬರೆದಿದ್ದರೆ, ಹನ್ನೆರಡಕ್ಕೆ 450 ವೋಲ್ಟ್ ಆಯಿತು, ಅದೂ ಡಿಸಿ. ಮನೆಯ 230 ವೋಲ್ಟ್ ಎಸಿ ಒಂದು ಸೆಕೆಂಡಿಗೆ ನೂರು ಸಲ ಶೂನ್ಯವನ್ನು ದಾಟುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ. ಡಿಸಿಯ ಕಿಡಿ ಆರದೆ ಉರಿಯುತ್ತಾ ನಿಲ್ಲುತ್ತದೆ. ಗಾಜು ಒಡೆದು ಒಳಗೆ ನೀರಿಳಿದಿದ್ದರೆ ಫ್ರೇಮಿಗೂ ವಿದ್ಯುತ್ತು ಹರಿದಿರಬಹುದು, ಆದ್ದರಿಂದ ಮಳೆ ನಿಂತ ಕೂಡಲೇ ಹೋಗಿ ಮುಟ್ಟಬಾರದು.

ಕ್ರಮ ಹೀಗಿರಲಿ. ಪಂಪಿನ ಕಂಟ್ರೋಲರನ್ನು ಬಂದ್ ಮಾಡಿ, ಪ್ಯಾನೆಲ್ಲುಗಳಿಂದ ಬರುವ ಸಾಲನ್ನು ಕಡಿಯುವ ಡಿಸಿ ಐಸೊಲೇಟರ್ ಸ್ವಿಚ್ಚನ್ನು ಇಳಿಸಿ, ಆಮೇಲೆ ಪ್ಯಾನೆಲ್ಲುಗಳ ನಡುವಿನ ಕನೆಕ್ಟರನ್ನು ಬಿಡಿಸಬೇಕು. ಕರೆಂಟು ಹರಿಯುತ್ತಿರುವಾಗ ಕನೆಕ್ಟರ್ ಎಳೆಯುವುದೇ ಈ ಕೆಲಸದಲ್ಲಿ ಜನ ಮಾಡುವ ದೊಡ್ಡ ತಪ್ಪು. ನಾವು ನಸುಕಿನಲ್ಲಿ, ಸೂರ್ಯ ಮೇಲೇರುವ ಮೊದಲು, ಒಡೆದವುಗಳ ಮೇಲೆ ತಾಡಪತ್ರಿ ಹೊದಿಸಿ ಕೆಲಸ ಮಾಡಿದೆವು. ರಬ್ಬರಿನ ಕೈಗವಸಿನ ಮೇಲೆ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ. ಬಿಚ್ಚುವ ಮೊದಲು ಪ್ರತಿ ಪ್ಯಾನೆಲ್ಲಿನ ಲೇಬಲ್ಲನ್ನೂ, ಒಡೆದ ಗಾಜನ್ನೂ, ಇಡೀ ಸಾಲನ್ನೂ ಫೋಟೊ ತೆಗೆದೆವು. ವಿಮೆ ಇದ್ದವರಿಗೆ ಇದು ಬೇಕು. ಸಬ್ಸಿಡಿಯಲ್ಲಿ ಹಾಕಿಸಿಕೊಂಡವರು ಕರಾರಿನಲ್ಲಿ ನಿರ್ವಹಣೆಯ ಅವಧಿ ಇನ್ನೂ ಉಳಿದಿದೆಯೇ ಎಂದು ನೋಡಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯುವುದು ಒಳ್ಳೆಯದು.

ಫ್ರೇಮನ್ನು ಮಾತ್ರ ಬಿಚ್ಚಬೇಡಿ. ಪ್ಯಾನೆಲ್ಲಿನ ಗಾಜು ಕಾರಿನ ಪಕ್ಕದ ಕಿಟಕಿಯ ಗಾಜಿನಂತೆ ಹದಗೊಳಿಸಿದ ಗಾಜು. ಒಡೆದರೆ ಸಾಬೂದಾಣಿಯಂಥ ಸಣ್ಣ ಹರಳುಗಳಾಗುತ್ತದೆ. ಆ ಹರಳುಗಳು ಕೆಳಗಿನ ಅಂಟಿಗೆ ಕಚ್ಚಿಕೊಂಡಿರುವುದರಿಂದ ಉದುರುವುದಿಲ್ಲ, ಆದರೆ ಹಾಳೆಯ ಬಿಗಿಯೆಲ್ಲ ಹೋಗಿ ಒದ್ದೆ ಗೋಣಿಚೀಲದಂತೆ ಬಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಫ್ರೇಮು ಒಂದೇ.

ಒಡೆದದ್ದು, ಕೆಟ್ಟದ್ದು, ಸುಮ್ಮನೆ ಹಳತಾದದ್ದು

ಐದು ಒಡೆದವು ತ್ಯಾಜ್ಯವೆಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಉಳಿದ ಏಳರ ಬಗ್ಗೆ ಮಾಮಾ "ಎಲ್ಲಾ ಒಮ್ಮೆಲೆ ತೆಗೆದು ಹೊಸಾವು ಹಾಕಿಬಿಡೋಣು" ಎಂದರು. ಇದು ಅವಸರದ ಮಾತು. ಪ್ಯಾನೆಲ್ಲಿನ ಶಕ್ತಿ ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ ಅರ್ಧದಿಂದ ಮುಕ್ಕಾಲು ಪಾಲಿನಷ್ಟು ಇಳಿಯುತ್ತದೆ. ಹತ್ತು ವರ್ಷದ ಮೇಲೂ ಅದು ಮೊದಲಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೊಡುತ್ತಿರಬೇಕು. ಹಾಗೆ ಕೊಡದಿದ್ದರೆ ಕಾರಣ ವಯಸ್ಸಲ್ಲ, ಯಾವುದೋ ದೋಷ. ದೋಷ ಯಾವುದೆಂದು ಮೂರು ಅಳತೆಗಳಲ್ಲಿ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಮೊದಲನೆಯದು ತೆರೆದ ವೋಲ್ಟೇಜು. ಪ್ಯಾನೆಲ್ಲನ್ನು ಬಿಸಿಲಿಗಿಟ್ಟು ಅದರ ಎರಡು ತಂತಿಗಳಿಗೆ ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿನಲ್ಲಿ ಹಿಡಿಯಬೇಕು. ಲೇಬಲ್ಲಿನ 37.5 ವೋಲ್ಟ್ ಎನ್ನುವುದು ಸೆಲ್ಲು 25 ಡಿಗ್ರಿಯಲ್ಲಿದ್ದಾಗಿನ ಮಾತು. ನಮ್ಮ ಬಿಸಿಲಿನಲ್ಲಿ ಸೆಲ್ಲು ಸುಲಭವಾಗಿ 60 ಡಿಗ್ರಿಗೆ ಏರುತ್ತದೆ, ಪ್ರತಿ ಡಿಗ್ರಿಗೂ ವೋಲ್ಟೇಜು ನೂರಕ್ಕೆ ಸುಮಾರು 0.3ರಷ್ಟು ಇಳಿಯುತ್ತದೆ. ಆದ್ದರಿಂದ ಮೀಟರಿನಲ್ಲಿ 33ರಿಂದ 34 ಕಂಡರೆ ಪ್ಯಾನೆಲ್ಲು ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಏಳರಲ್ಲಿ ಆರು ಈ ಮಟ್ಟದಲ್ಲಿಯೇ ಇದ್ದವು. ಏಳನೆಯದು 22.4 ತೋರಿಸಿತು.

ಈ 22.4 ಎಂಬ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದು 33.6ರ ಸರಿಯಾಗಿ ಮೂರನೇ ಎರಡು ಪಾಲು. ಅರವತ್ತು ಸೆಲ್ಲುಗಳ ಪ್ಯಾನೆಲ್ಲು ಒಳಗೆ ಇಪ್ಪತ್ತರ ಮೂರು ಗುಂಪುಗಳಾಗಿ ಜೋಡಣೆಯಾಗಿರುತ್ತದೆ, ಪ್ರತಿ ಗುಂಪಿಗೂ ಹಿಂಬದಿಯಲ್ಲಿ ತಂತಿ ಹೊರಡುವ ಜಂಕ್ಷನ್ ಬಾಕ್ಸಿನಲ್ಲಿ, ನೆರಳು ಬಿದ್ದ ಗುಂಪನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸಲು ಒಂದೊಂದು ಬೈಪಾಸ್ ಡಯೋಡು ಇರುತ್ತದೆ. ಸಿಡಿಲಿನ ಹೊಡೆತಕ್ಕೋ, ಬಹುಕಾಲದ ಬಿಸಿಗೋ ಒಂದು ಡಯೋಡು ಶಾರ್ಟ್ ಆದರೆ ಆ ಗುಂಪು ಇದ್ದೂ ಇಲ್ಲದಂತಾಗುತ್ತದೆ. ವೋಲ್ಟೇಜು ಅಡ್ಡಾದಿಡ್ಡಿಯಾಗಿ ಇಳಿಯದೆ ಮೂರರಲ್ಲಿ ಒಂದು ಪಾಲು ಅಥವಾ ಎರಡು ಪಾಲು ಕಡಿಮೆಯಾಗಿದ್ದರೆ ಸೆಲ್ಲುಗಳ ಮೇಲೆ ತಪ್ಪು ಹೊರಿಸುವ ಮೊದಲು ಡಯೋಡನ್ನು ನೋಡಬೇಕು. ಪ್ಯಾನೆಲ್ಲನ್ನು ಪೂರ್ತಿ ಕತ್ತಲೆಯಾಗುವಂತೆ ಮುಚ್ಚಿ, ಬಾಕ್ಸಿನ ಮುಚ್ಚಳ ತೆಗೆದು, ಮಲ್ಟಿಮೀಟರನ್ನು ಡಯೋಡಿನ ಗುರುತಿಗೆ ತಿರುಗಿಸಿ ಮೂರನ್ನೂ ಅಳೆಯಿರಿ. ಸರಿಯಿರುವ ಡಯೋಡು ಒಂದು ದಿಕ್ಕಿನಲ್ಲಿ 0.2ರಿಂದ 0.3 ವೋಲ್ಟ್ ತೋರಿಸಿ ಇನ್ನೊಂದು ದಿಕ್ಕಿನಲ್ಲಿ ಏನನ್ನೂ ತೋರಿಸುವುದಿಲ್ಲ. ಶಾರ್ಟ್ ಆದದ್ದು ಎರಡೂ ಕಡೆ ಸೊನ್ನೆ. ನಮ್ಮ ಪ್ಯಾನೆಲ್ಲಿನಲ್ಲಿ ನಡುವಿನ ಡಯೋಡು ಹೋಗಿತ್ತು. ಅದೇ ಆಂಪಿಯರ್ ಮತ್ತು ವೋಲ್ಟೇಜಿನ ಡಯೋಡನ್ನು ತಂದು ಬೆಸೆದ ಮೇಲೆ ವೋಲ್ಟೇಜು ಮರಳಿತು. ಕೆಲವು ಬಾಕ್ಸುಗಳಲ್ಲಿ ಒಳಗೆಲ್ಲ ಸಿಲಿಕೋನ್ ಅಂಟು ಸುರಿದಿರುತ್ತಾರೆ. ಅಂಥವನ್ನು ಕೆದಕಲು ಹೋದರೆ ಸೆಲ್ಲುಗಳಿಂದ ಬರುವ ತಾಮ್ರದ ರಿಬ್ಬನ್ನೇ ಹರಿದುಹೋಗುತ್ತದೆ, ಬಿಟ್ಟುಬಿಡುವುದು ಲೇಸು.

ಎರಡನೆಯದು ಶಾರ್ಟ್ ಸರ್ಕ್ಯೂಟ್ ಕರೆಂಟು. ಪ್ಯಾನೆಲ್ಲನ್ನು ಮುಚ್ಚಿ, ಅದರದೇ ಎರಡು ಕನೆಕ್ಟರುಗಳನ್ನು ಒಂದಕ್ಕೊಂದು ಸೇರಿಸಿ, ಹೊದಿಕೆ ತೆಗೆದು, ಡಿಸಿ ಕ್ಲಾಂಪ್ ಮೀಟರಿನಲ್ಲಿ ಓದಿ. ಬಿಡಿಸುವ ಮೊದಲು ಮತ್ತೆ ಮುಚ್ಚಿ. ಲೇಬಲ್ಲಿನ 8.7 ಆಂಪಿಯರಿಗೆ ಹೋಲಿಸುವುದಕ್ಕಿಂತ ಹತ್ತು ನಿಮಿಷದೊಳಗೆ ಏಳನ್ನೂ ಅಳೆದು ಒಂದಕ್ಕೊಂದು ಹೋಲಿಸುವುದು ಹೆಚ್ಚು ನಂಬಿಕೆಯದು, ಏಕೆಂದರೆ ಬಿಸಿಲು ಒಂದೇ ಸಮ ಇರುವುದಿಲ್ಲ. ನಮ್ಮಲ್ಲಿ ಏಳೂ ಹತ್ತಿರಹತ್ತಿರವೇ ಇದ್ದವು.

ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಜೀವಕ್ಕೆ ಸಂಬಂಧಿಸಿದ್ದು ಅದೇ. ಎರಡೂ ತಂತಿಗಳನ್ನು ಸೇರಿಸಿ ಮೆಗ್ಗರ್ ಎಂಬ ಇನ್ಸುಲೇಷನ್ ಮೀಟರಿನ ಒಂದು ಕಡೆಗೂ, ಫ್ರೇಮಿನ ಅರ್ಥಿಂಗ್ ತೂತಿನಲ್ಲಿ ಕೆರೆದು ತೆಗೆದ ಬರಿ ಲೋಹವನ್ನು ಇನ್ನೊಂದು ಕಡೆಗೂ ಕೊಟ್ಟು 500 ವೋಲ್ಟಿನಲ್ಲಿ ಇನ್ಸುಲೇಷನ್ ಅಳೆಯಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೆಗಾಓಮನ್ನು ಚದರ ಮೀಟರಿನಿಂದ ಗುಣಿಸಿದಾಗ 40ಕ್ಕೆ ಕಡಿಮೆ ಬರಬಾರದು, 1.63 ಚದರ ಮೀಟರಿನ ನಮ್ಮ ಪ್ಯಾನೆಲ್ಲಿಗೆ ಅದು ಸುಮಾರು 25 ಮೆಗಾಓಮ್ ಆಗುತ್ತದೆ. ಒಣಗಿದ್ದಾಗ ಏಳೂ ಪಾಸಾದವು. ಹಿಂಬದಿಯ ಬಿಳಿ ಹಾಳೆಯ ಮೇಲೆ ನೀರು ಚಿಮುಕಿಸಿ ಮತ್ತೆ ಅಳೆದಾಗ ಒಂದು ಪ್ಯಾನೆಲ್ಲಿನ ಅಳತೆ 2 ಮೆಗಾಓಮಿಗೂ ಕೆಳಗೆ ಇಳಿಯಿತು. ಬೆಳಕಿಗೆ ಹಿಡಿದು ನೋಡಿದರೆ ಆ ಹಾಳೆಯಲ್ಲಿ ಸೆಲ್ಲುಗಳ ನಡುವಿನ ಗೆರೆಗುಂಟ ಕೂದಲೆಳೆಯ ಬಿರುಕುಗಳಿದ್ದವು. ವೋಲ್ಟೇಜು, ಕರೆಂಟು ಎರಡೂ ಚೆನ್ನಾಗಿದ್ದ ಪ್ಯಾನೆಲ್ಲು ಅದು. ಆದರೂ ಮಳೆಗಾಲದಲ್ಲಿ ಅದರ ಫ್ರೇಮನ್ನು ಮುಟ್ಟಿದವನಿಗೆ ಶಾಕ್ ಹೊಡೆಯುವ ಸಂಭವ ಇದ್ದುದರಿಂದ ತ್ಯಾಜ್ಯದ ಸಾಲಿಗೆ ಹಾಕಿದೆವು.

ಹೀಗೆ ಹನ್ನೆರಡರಲ್ಲಿ ಆರು ಬಳಕೆಗೆ ಉಳಿದವು, ಆರು ಹೋದವು. ಉಳಿದ ಆರಕ್ಕೆ ಹೊಸ 540 ವ್ಯಾಟಿನವನ್ನು ಸೇರಿಸಿ ಅದೇ ಪಂಪು ಓಡಿಸಬಹುದಲ್ಲ ಎಂದು ಮಾಮಾ ಕೇಳಿದರು. ಸರಣಿಯಲ್ಲಿ ಎಲ್ಲ ಪ್ಯಾನೆಲ್ಲುಗಳಲ್ಲೂ ಒಂದೇ ಕರೆಂಟು ಹರಿಯಬೇಕು. 13 ಆಂಪಿಯರ್ ಕೊಡಬಲ್ಲ ಹೊಸದನ್ನು 8 ಆಂಪಿಯರಿನ ಹಳೆಯದಕ್ಕೆ ಕಟ್ಟಿದರೆ ಹೊಸದರ ದುಡ್ಡಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರಿನಲ್ಲಿ ಹೋದ ಹಾಗೆ. ಪಂಪಿಗೆ ಹೊಸ ಸಾಲನ್ನೇ ಹಾಕಿಸಿ, ಹಳೆಯ ಆರನ್ನು ದನದ ಕೊಟ್ಟಿಗೆಯ ಬೆಳಕಿಗೂ, ಔಷಧಿ ಸಿಂಪಡಿಸುವ ಯಂತ್ರದ ಬ್ಯಾಟರಿಗಳಿಗೂ ತಿರುಗಿಸಿದೆವು.

ಒಂದು ಪ್ಯಾನೆಲ್ಲಿನೊಳಗೆ ಏನಿದೆ

ತ್ಯಾಜ್ಯದ ಸಾಲಿಗೆ ಬಂದ ಆರರಲ್ಲಿ ಒಂದನ್ನು ಮನಸ್ಸಿನಲ್ಲಿಯೇ ಬಿಚ್ಚಿ ತೂಗೋಣ. ಒಟ್ಟು ಸುಮಾರು 18.7 ಕಿಲೋ. ಅದರಲ್ಲಿ ಗಾಜು ಎಷ್ಟೆಂದು ತಕ್ಕಡಿ ಇಲ್ಲದೆಯೂ ಹೇಳಬಹುದು: 3.2 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 8 ಕಿಲೋ ತೂಗುತ್ತದೆ, 1.63 ಚದರ ಮೀಟರಿಗೆ 13 ಕಿಲೋ. ಅಂದರೆ ನೂರಕ್ಕೆ ಎಪ್ಪತ್ತು ಪಾಲು ಬರೀ ಗಾಜು. ಅಲ್ಯೂಮಿನಿಯಂ ಫ್ರೇಮು 2.3 ಕಿಲೋ. ಸೆಲ್ಲುಗಳ ಮೇಲೊಂದು ಕೆಳಗೊಂದು ಪದರವಾಗಿ ಇರುವ ಇವಿಎ ಎಂಬ ಪಾರದರ್ಶಕ ಅಂಟು ಒಂದೂವರೆ ಕಿಲೋ. ಹಿಂಬದಿಯ ಬಿಳಿ ಹಾಳೆ 600 ಗ್ರಾಂ. ಜಂಕ್ಷನ್ ಬಾಕ್ಸು ಮತ್ತು ತಂತಿಗಳು ಅರ್ಧ ಕಿಲೋ. ಸೆಲ್ಲಿನಿಂದ ಸೆಲ್ಲಿಗೆ ಹೋಗುವ, ತವರ-ಸೀಸದ ಲೇಪವಿರುವ ತಾಮ್ರದ ರಿಬ್ಬನ್ನು 200 ಗ್ರಾಂ.

ಇನ್ನು ಉಳಿದದ್ದು ಸೆಲ್ಲುಗಳು. ಒಂದೊಂದು 156 ಮಿಲಿಮೀಟರ್ ಚೌಕದ, 0.18 ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆ, ತೂಕ ಹತ್ತು ಗ್ರಾಂ; ಅರವತ್ತಕ್ಕೆ 600 ಗ್ರಾಂ. ಇಡೀ ಪ್ಯಾನೆಲ್ಲಿನ ಕೆಲಸ ಮಾಡುವುದು ಈ 600 ಗ್ರಾಂ, ಮಿಕ್ಕಿದ್ದೆಲ್ಲ ಅದನ್ನು ಕಾಯುವ ಕವಚ. ಸೆಲ್ಲಿನ ಮುಖದ ಮೇಲೆ ಕಾಣುವ ಸಣ್ಣ ಬಿಳಿ ಗೆರೆಗಳು ಬೆಳ್ಳಿ. ಆ ಕಾಲದ ಸೆಲ್ಲಿನಲ್ಲಿ ತಲಾ ಹತ್ತಿರಹತ್ತಿರ 0.1 ಗ್ರಾಂ ಇರುತ್ತಿದ್ದುದರಿಂದ ಪ್ಯಾನೆಲ್ಲಿಗೆ ಸುಮಾರು 6 ಗ್ರಾಂ, ತೂಕದಲ್ಲಿ ಮೂರು ಸಾವಿರಕ್ಕೆ ಒಂದು ಪಾಲು. ಬೆಲೆಯ ಲೆಕ್ಕ ಬೇರೆ. ಬೆಳ್ಳಿ ಗ್ರಾಂಗೆ 90 ರೂಪಾಯಿ, ಅಲ್ಯೂಮಿನಿಯಂ ಗುಜರಿ ಕಿಲೋಗೆ 150 ರೂಪಾಯಿ ಎಂದು ಇಟ್ಟುಕೊಂಡರೆ ಬೆಳ್ಳಿ 540 ರೂಪಾಯಿಯದು, ಫ್ರೇಮು 345 ರೂಪಾಯಿಯದು. ಗುಜರಿಯವನು ಬಿಟ್ಟುಹೋಗುತ್ತೇನೆ ಎಂದದ್ದರಲ್ಲಿಯೇ ಹೆಚ್ಚಿನ ಬೆಲೆ ಇತ್ತು. ಆದರೆ ಅದು ಅವನ ಸುತ್ತಿಗೆಗೆ ಸಿಗುವಂಥದ್ದಲ್ಲ.

ಕೆಡುಕಿನ ವಸ್ತು ಮುಖ್ಯವಾಗಿ ಸೀಸ: ರಿಬ್ಬನ್ನಿನ ಲೇಪದಲ್ಲಿ ಪ್ಯಾನೆಲ್ಲಿಗೆ ಹತ್ತು-ಹದಿನೈದು ಗ್ರಾಂ. ಪ್ಯಾನೆಲ್ಲು ಇಡಿಯಾಗಿದ್ದಷ್ಟು ದಿನ ಅದು ಅಂಟಿನೊಳಗೆ ಭದ್ರವಾಗಿರುತ್ತದೆ. ಗಾಜು ಒಡೆದು ನೀರು ಇಳಿದಾಗ ಇವಿಎ ನಿಧಾನವಾಗಿ ಕೊಳೆತು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿಯನ್ನೇ, ಬಿಡುತ್ತದೆ. ಆ ಹುಳಿ ಸೀಸವನ್ನು ಕರಗಿಸಿ ಹೊರಗೆ ತರಬಲ್ಲದು. ಒಡೆದ ಪ್ಯಾನೆಲ್ಲುಗಳನ್ನು ಮಳೆಯಲ್ಲಿ ಬಿಡಬಾರದೆನ್ನುವುದು ಇದಕ್ಕೇ. ಹಿಂಬದಿಯ ಹಾಳೆಯಲ್ಲಿ ಹಲವು ಸಲ ಫ್ಲೋರಿನ್ ಇರುವ ಪ್ಲಾಸ್ಟಿಕ್ಕು ಇರುತ್ತದೆ, ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ಶ್ವಾಸಕೋಶವನ್ನು ಸುಡುವ ಅನಿಲ ಏಳುತ್ತದೆ. ಟಯರನ್ನೂ ಒಲೆಗೆ ಹಾಕುವ ರೂಢಿ ಬೆಲ್ಲದ ಗಾಣಗಳಲ್ಲಿ ಕೆಲವರಿಗಿದೆ. ಈ ಹಾಳೆಯ ಗತಿ ಅಲ್ಲಿ ಮುಗಿಯಬಾರದು.

ಇಲ್ಲಿ ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಸಿಲಿಕಾನ್ ಸೆಲ್ಲುಗಳ ಪ್ಯಾನೆಲ್ಲಿಗೆ ಮಾತ್ರ. ಚೌಕ ಚೌಕವಾದ ಸೆಲ್ಲುಗಳೇ ಕಾಣದೆ ಮುಖವೆಲ್ಲ ಒಂದೇ ಕಪ್ಪಾಗಿದ್ದು, ಹಿಂದೆಯೂ ಗಾಜೇ ಇದ್ದರೆ ಅದು ತೆಳುಪದರದ ಪ್ಯಾನೆಲ್ಲಾಗಿರಬಹುದು, ಅದರಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಇರುವ ಸಾಧ್ಯತೆ ಇದೆ. ಅದನ್ನು ಬೇರೆಯೇ ಇಟ್ಟು, ಲೇಬಲ್ಲಿನ ಫೋಟೊ ಕಳಿಸಿ, ಸ್ವೀಕರಿಸುವವರನ್ನು ಕೇಳಿದ ಮೇಲೆಯೇ ಸಾಗಿಸಬೇಕು.

ಅಂಟು ಬಿಡಿಸುವುದೇ ಇಡೀ ಕೆಲಸ

ವಸ್ತುಗಳನ್ನು ಮರಳಿ ಪಡೆಯುವ ಕಾರ್ಖಾನೆಯಲ್ಲಿ ಮೊದಲು ತಂತಿ ಮತ್ತು ಜಂಕ್ಷನ್ ಬಾಕ್ಸನ್ನು ತೆಗೆಯುತ್ತಾರೆ, ಆಮೇಲೆ ಯಂತ್ರವೊಂದು ಫ್ರೇಮನ್ನು ನಾಲ್ಕೂ ಬದಿಯಿಂದ ಹೊರಕ್ಕೆ ಎಳೆಯುತ್ತದೆ. ಇಷ್ಟು ಸುಲಭ. ಮುಂದಿನದು ಕಷ್ಟ, ಏಕೆಂದರೆ ಇಪ್ಪತ್ತೈದು ವರ್ಷ ಬಿಸಿಲು ಮಳೆಗೆ ಬಿಡದಂತೆ ಅಂಟಿಸಿದ್ದನ್ನು ಬಿಡಿಸಬೇಕಾಗಿದೆ. ಅದಕ್ಕೆ ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು.

ಎಲ್ಲವನ್ನೂ ಒಟ್ಟಿಗೆ ಪುಡಿಮಾಡಿ ಜರಡಿ ಹಿಡಿಯುವುದು ಅಗ್ಗದ ದಾರಿ. ಗಾಜು, ತಾಮ್ರ ಸಿಗುತ್ತವೆ. ಆದರೆ ಸಿಲಿಕಾನ್ ಮತ್ತು ಬೆಳ್ಳಿಯ ಧೂಳು ಗಾಜಿನಲ್ಲೂ ಪ್ಲಾಸ್ಟಿಕ್ಕಿನಲ್ಲೂ ಹರಡಿಹೋಗಿ, ಬೆಲೆಯಿದ್ದ 6 ಗ್ರಾಂ ಯಾರ ಕೈಗೂ ಹತ್ತುವುದಿಲ್ಲ, ಗಾಜೂ ಕೊಳೆಯಾಗುತ್ತದೆ. ಎರಡನೆಯದು ಬಿಸಿ ಕತ್ತಿ: ಇನ್ನೂರು-ಮುನ್ನೂರು ಡಿಗ್ರಿಗೆ ಕಾಯಿಸಿದ ಉದ್ದನೆಯ ಅಲಗು ಗಾಜಿಗೂ ಸೆಲ್ಲಿಗೂ ನಡುವಿನ ಅಂಟಿನಲ್ಲಿ ಬೆಣ್ಣೆಯಲ್ಲಿ ಹಾದಂತೆ ಹಾದುಹೋಗುತ್ತದೆ, ಗಾಜು ಇಡಿಯ ಹಲಗೆಯಾಗಿ ಬೇರಾಗುತ್ತದೆ. ಇದು ಗಾಜು ಒಡೆಯದ ಪ್ಯಾನೆಲ್ಲಿಗೆ ಮಾತ್ರ ಆಗುವ ಕೆಲಸ. ಹಿಂಬದಿ ಬಿರುಕು ಬಿಟ್ಟಿದ್ದ ನಮ್ಮ ಒಂದು ಪ್ಯಾನೆಲ್ಲು ಈ ಯಂತ್ರಕ್ಕೆ ಹೋಗಬಲ್ಲದು, ಆಣೆಕಲ್ಲಿಗೆ ಒಡೆದ ಐದು ಹೋಗಲಾರವು. ಚೆನ್ನಾಗಿರುವುದನ್ನು ಎಸೆಯುವ ಅವಸರದಲ್ಲಿ ಲಾರಿಯಿಂದ ಕೆಳಗೆ ಬೀಳಿಸಿ ಒಡೆಯುವವರು ತಮ್ಮ ಕೈಯಾರೆ ಈ ದಾರಿಯನ್ನು ಮುಚ್ಚುತ್ತಾರೆ.

ಮೂರನೆಯದು ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ 500 ಡಿಗ್ರಿಯ ಆಸುಪಾಸು ಕಾಯಿಸುವುದು. ಇವಿಎ ಮೊದಲು ಅಸಿಟಿಕ್ ಆಮ್ಲವನ್ನು ಬಿಟ್ಟು, ಆಮೇಲೆ ಪೂರ್ತಿ ಅನಿಲವಾಗಿ ಹೋಗುತ್ತದೆ. ಕೆಳಗೆ ಗಾಜು, ಸೆಲ್ಲಿನ ಚೂರು, ರಿಬ್ಬನ್ನು ಅಂಟಿಲ್ಲದೆ ಉಳಿಯುತ್ತವೆ. ಒಡೆದವಕ್ಕೂ ಇದು ಆಗುತ್ತದೆ. ಆದರೆ ಹೊರಬರುವ ಅನಿಲವನ್ನು ಮತ್ತೊಮ್ಮೆ ಸುಟ್ಟು, ಸುಣ್ಣದಂಥ ಕ್ಷಾರದಲ್ಲಿ ತೊಳೆಯದೆ ಬಿಡುವಂತಿಲ್ಲ. ಫ್ಲೋರಿನ್ ಇರುವ ಹಿಂಬದಿ ಹಾಳೆಯನ್ನು ಮೊದಲೇ ಕೆರೆದು ತೆಗೆಯುವುದೂ ಅದಕ್ಕೇ. ಕುಲುಮೆಗಿಂತ ಈ ತೊಳೆಯುವ ವ್ಯವಸ್ಥೆಯೇ ದುಬಾರಿ.

ಹೀಗೆ ಬೇರಾದ ಸೆಲ್ಲಿನ ಚೂರುಗಳನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗುತ್ತದೆ, ಆ ದ್ರವಕ್ಕೆ ಉಪ್ಪು ಹಾಕಿದರೆ ಬೆಳ್ಳಿಯ ಕ್ಲೋರೈಡು ಬಿಳಿ ಗಷ್ಟಾಗಿ ಕೆಳಗೆ ಕೂಡುತ್ತದೆ, ಅದನ್ನು ಮತ್ತೆ ಲೋಹವಾಗಿಸುತ್ತಾರೆ. ಅಕ್ಕಸಾಲಿಗರಿಗೆ ಗೊತ್ತಿರುವ ವಿದ್ಯೆಯೇ ಇದು. ಹಾಗೆಂದು ಮನೆಯ ಹಿತ್ತಲಿನಲ್ಲಿ ಪ್ಯಾನೆಲ್ಲು ಸುಟ್ಟು ಬೆಳ್ಳಿ ತೆಗೆಯುವ ವಿಡಿಯೊಗಳನ್ನು ನೋಡಿ ಯಾರೂ ಕೈಹಾಕಬಾರದು. ಅಂಟು ಸುಡುವಾಗ ಸೀಸದ ಹೊಗೆ, ಆಮ್ಲ ಸುರಿದಾಗ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡು, ಕೊನೆಗೆ ಕೈಯಲ್ಲಿ ಉಳಿಯುವುದು ಆ 6 ಗ್ರಾಂನಲ್ಲಿ ಅರ್ಧವೂ ಇರಲಿಕ್ಕಿಲ್ಲ.

ಸಿಕ್ಕ ವಸ್ತುಗಳು ಎಲ್ಲಿಗೆ ಹೋಗಬಲ್ಲವು ಎಂಬುದರಲ್ಲಿಯೂ ಮಿತಿಗಳಿವೆ. ಅಲ್ಯೂಮಿನಿಯಂ ಸೊಗಸಾಗಿ ಮರುಬಳಕೆಯಾಗುತ್ತದೆ. ಅದಿರಿನಿಂದ ಹೊಸದಾಗಿ ಮಾಡಲು ಬೇಕಾದ ಶಕ್ತಿಯಲ್ಲಿ ನೂರಕ್ಕೆ ಐದರಷ್ಟು ಸಾಕು. ಗಾಜಿನ ಕತೆ ಹಾಗಲ್ಲ. ಸೌರ ಗಾಜನ್ನು ತಿಳಿಯಾಗಿಸಲು ಬಹಳ ಸಲ ಆಂಟಿಮನಿ ಸೇರಿಸಿರುತ್ತಾರೆ, ಕಿಟಕಿ ಗಾಜು ಮಾಡುವ ಕಾರ್ಖಾನೆಗಳಿಗೆ ಅದು ಬೇಡವಾದ ವಸ್ತು. ಆದ್ದರಿಂದ 13 ಕಿಲೋ ಗಾಜು ಹೆಚ್ಚಾಗಿ ಗಾಜಿನ ಉಣ್ಣೆ, ನೊರೆಗಾಜಿನಂಥ ಶಾಖನಿರೋಧಕಗಳಿಗೆ, ಕಡಿಮೆ ಬೆಲೆಗೆ ಹೋಗುತ್ತದೆ. ಸಿಲಿಕಾನ್ ಮತ್ತೆ ಸೆಲ್ಲಾಗುವಷ್ಟು ಶುದ್ಧವಾಗಿ ಸಿಗುವುದು ಅಪರೂಪ. ಲೋಹದ ಮಿಶ್ರಣಗಳಿಗೆ ಅದು ಸಾಕು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ಎರಕದ ಕಬ್ಬಿಣಕ್ಕೆ ಫೆರೋಸಿಲಿಕಾನ್ ಹಾಕುತ್ತವೆ. ಅದನ್ನು ತಯಾರಿಸುವವರಿಗೆ ಈ ಚೂರು ಕಚ್ಚಾವಸ್ತುವಾದರೆ ಅದಕ್ಕೆ ದೂರದ ಗಿರಾಕಿಯನ್ನು ಹುಡುಕಬೇಕಿಲ್ಲ.

ನನ್ನ ಎಣಿಕೆಯಲ್ಲಿ ನಮ್ಮ ಸುತ್ತಿನ ಜಿಲ್ಲೆಗಳಿಗೆ ಪೂರ್ತಿ ಕಾರ್ಖಾನೆ ಸದ್ಯಕ್ಕೆ ಹೊಂದುವುದಿಲ್ಲ. ಒಂದು ಟನ್ ಎಂದರೆ ಇಂಥ 53 ಪ್ಯಾನೆಲ್ಲು. ವರ್ಷಕ್ಕೆ 3,000 ಟನ್ ಬೇಡುವ ಕುಲುಮೆಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬೇಕು, ಅಷ್ಟನ್ನು ಹೊಲದ ಪಂಪುಗಳಿಂದ ಕೂಡಿಸಲಾಗದು. ಆದರೆ ಕೆಲಸವನ್ನು ಎರಡಾಗಿ ಒಡೆಯಬಹುದು. ಬೆಳಗಾವಿಯಂಥ ಕಡೆ ಬಾಕ್ಸು, ಫ್ರೇಮು, ಗಾಜು ಬೇರ್ಪಡಿಸುವ ಘಟಕವೊಂದು ಇದ್ದರೆ 18.7 ಕಿಲೋದಲ್ಲಿ 15ಕ್ಕಿಂತ ಹೆಚ್ಚು ಇಲ್ಲಿಯೇ ಇಳಿದು, ಸೆಲ್ಲು ಮತ್ತು ಅಂಟಿನ ಸುಮಾರು ಮೂರು ಕಿಲೋದ ಹಾಳೆ ಮಾತ್ರ ದೂರದ ಕುಲುಮೆಗೆ ಹೋಗುತ್ತದೆ. ಆರು ಲಾರಿಯ ಭಾರ ಒಂದೇ ಲಾರಿಗೆ ಇಳಿದಂತೆ. ಇದಕ್ಕೂ ಫ್ರೇಮು ಕೀಳದೆ ಬಂದ ಪ್ಯಾನೆಲ್ಲುಗಳೇ ಬೇಕು, ಏಕೆಂದರೆ ಘಟಕದ ದಿನದ ಖರ್ಚು ಹುಟ್ಟುವುದು ಅಲ್ಯೂಮಿನಿಯಮ್ಮಿನಿಂದ.

ಕೂಡಿಡುವುದು, ಒಪ್ಪಿಸುವುದು

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಸೌರಫಲಕಗಳನ್ನೂ ಒಳಗೊಂಡಿವೆ. ಅವುಗಳ ಪಟ್ಟಿಯಲ್ಲಿ ಇವುಗಳ ಸಂಕೇತ CEEW14. ತಯಾರಕರು ಮತ್ತು ಮಾರಾಟಕ್ಕೆ ತಂದವರು ನೋಂದಾಯಿಸಿಕೊಂಡು, 2034-35ರವರೆಗೆ ಹುಟ್ಟುವ ಪ್ಯಾನೆಲ್ ತ್ಯಾಜ್ಯವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ಶೇಖರಿಸಿಡಬೇಕೆಂದು ಈ ನಿಯಮಗಳು ಹೇಳುತ್ತವೆ. ಟಿವಿ, ಫ್ರಿಜ್ಜಿಗಿರುವಂತೆ ವರ್ಷಕ್ಕೆ ಇಷ್ಟು ಮರುಬಳಕೆಯಾಗಲೇಬೇಕೆಂಬ ಗುರಿಯನ್ನು ಪ್ಯಾನೆಲ್ಲಿಗೆ ಈಗ ಇಟ್ಟಿಲ್ಲ, ಆದ್ದರಿಂದ ಮನೆಬಾಗಿಲಿಗೆ ಬಂದು ಒಯ್ಯುವವರನ್ನು ಸದ್ಯಕ್ಕೆ ನಿರೀಕ್ಷಿಸಬಾರದು. ಮೊದಲು ಹಾಕಿಕೊಟ್ಟವರನ್ನೂ, ಲೇಬಲ್ಲಿನಲ್ಲಿರುವ ತಯಾರಕರನ್ನೂ ಬರಹದಲ್ಲಿ ಕೇಳಿ. ಮಾಮಾನ ಪ್ಯಾನೆಲ್ಲು ಹಾಕಿದ ಸಂಸ್ಥೆಯ ಫೋನು ಯಾವತ್ತೋ ಬಂದ್ ಆಗಿತ್ತು. ಆಗ ಉಳಿಯುವುದು ನೋಂದಾಯಿತ ಮರುಬಳಕೆದಾರರು. ಅವರ ಹೆಸರು ಕೇಂದ್ರ ಮಂಡಳಿಯ ಪೋರ್ಟಲಿನಲ್ಲಿ ಸಿಗುತ್ತದೆ, ಜಿಲ್ಲೆಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲೂ ಕೇಳಬಹುದು.

ಅವರಿಗೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ನಿಮ್ಮ ನೋಂದಣಿಯಲ್ಲಿ CEEW14 ಇದೆಯೇ? ಒಡೆದದ್ದನ್ನು ತೆಗೆದುಕೊಳ್ಳುತ್ತೀರಾ? ಹಿಂಬದಿ ಹಾಳೆಯನ್ನು ಏನು ಮಾಡುತ್ತೀರಿ? ಬೆಳ್ಳಿ ಮತ್ತು ಸಿಲಿಕಾನನ್ನು ನೀವೇ ತೆಗೆಯುತ್ತೀರಾ, ಬೇರೆಯವರಿಗೆ ಕಳಿಸುತ್ತೀರಾ? ಫ್ರೇಮು ಮತ್ತು ತಂತಿಯ ಬಗ್ಗೆ ಪಟಪಟ ಉತ್ತರ ಕೊಟ್ಟು ಹಿಂಬದಿ ಹಾಳೆಯ ಮಾತು ಬಂದಾಗ ವಿಷಯ ಬದಲಿಸುವವರಿಗೆ ಪ್ಯಾನೆಲ್ಲು ಕೊಟ್ಟರೆ, ಗುಜರಿಯವನಿಗೆ ಕೊಟ್ಟದ್ದಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಪ್ಪಿಸುವಾಗ ತೂಕದ ಚೀಟಿ ಮತ್ತು ಪ್ಯಾನೆಲ್ಲಿನ ಸರಣಿ ಸಂಖ್ಯೆಗಳಿರುವ ಸ್ವೀಕೃತಿ ಪಡೆದುಕೊಳ್ಳಿ.

ಅಲ್ಲಿಯವರೆಗೆ ಇಡುವ ಬಗೆ: ಸೂರಿನ ಕೆಳಗೆ, ನೆಲದಿಂದ ಮೇಲೆ, ಕಟ್ಟಿಗೆಯ ಹಲಗೆಗಳ ಮೇಲೆ. ಒಡೆದವುಗಳ ಮುಖಕ್ಕೆ ಅಗಲವಾದ ಅಂಟುಪಟ್ಟಿ ಅಡ್ಡಡ್ಡ ಹಚ್ಚಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎರಡರ ನಡುವೆ ರಟ್ಟು ಇಟ್ಟು ಮಲಗಿಸಬೇಕು. ಉದುರಿದ ಗಾಜಿನ ಹರಳನ್ನು ಕಸಬರಿಗೆಯಿಂದ ಒಣಗಿದ್ದಾಗಲೇ ಗುಡಿಸಿ ಚೀಲದಲ್ಲಿ ಅದೇ ಗಂಟಿನೊಂದಿಗೆ ಇಡಬೇಕು. ಇಡಿಯಾಗಿರುವುದನ್ನು ಬೇರೆ ಸಾಲಿನಲ್ಲಿ ಇಡಿ, ಅದು ಬಿಸಿ ಕತ್ತಿಗೆ ಹೋಗಬಹುದಾದದ್ದು. ಕನೆಕ್ಟರುಗಳ ಬಾಯಿಗೆ ಟೇಪು ಸುತ್ತಿ, ಮುಖವನ್ನು ಬೆಳಕಿಗೆ ತಿರುಗಿಸಬೇಡಿ.

ನಮ್ಮ ಆರು ಪ್ಯಾನೆಲ್ಲುಗಳು, ಒಟ್ಟು 112 ಕಿಲೋ, ಈಗ ಮಾಮಾನ ಒಣದ್ರಾಕ್ಷಿ ಶೆಡ್ಡಿನ ಹಿಂದಿನ ಕೋಣೆಯಲ್ಲಿವೆ. ಅದರಲ್ಲಿ 78 ಕಿಲೋ ಗಾಜು, 14 ಕಿಲೋದ ಹತ್ತಿರ ಅಲ್ಯೂಮಿನಿಯಂ, 36 ಗ್ರಾಂ ಬೆಳ್ಳಿ. ಇಷ್ಟಕ್ಕಾಗಿ ಯಾರೂ ಗಾಡಿ ಕಳಿಸುವುದಿಲ್ಲ, ಒಂದು ಟನ್ನಾಗಲು ಇನ್ನೂ 47 ಬೇಕು. ಅದೇ ಆಣೆಕಲ್ಲು ಅಕ್ಕಪಕ್ಕದ ತೋಟಗಳ ಮೇಲೂ ಬಿದ್ದಿತ್ತಲ್ಲ. ಮಾಮಾ ಒಂದು ನೋಟುಬುಕ್ಕು ಇಟ್ಟು ಯಾರದು, ಎಷ್ಟು, ಒಡೆದದ್ದೋ ಇಡಿಯದೋ ಎಂದು ಬರೆದುಕೊಳ್ಳುತ್ತಿದ್ದಾರೆ. ಕಳೆದ ವಾರದ ಲೆಕ್ಕಕ್ಕೆ 31 ಆಗಿವೆ. ಅದರಲ್ಲಿ ನಾಲ್ಕು ಫ್ರೇಮಿಲ್ಲದೆ ಬಂದಿವೆ.